ಕೈದಿಗಳ ಇಕ್ಕಟ್ಟು: ಕಾರ್ಡಿನಿಂದ ಮುಚ್ಚಿ ಬಿಡಿಸುವುದು ಹೇಗೆ?

ಕಲಬುರಗಿಯಲ್ಲಿ ಪದವಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುವ ನಾನು ಪ್ರತಿ ವರ್ಷ ಉತ್ತರ ಪತ್ರಿಕೆಗಳಲ್ಲಿ ಒಂದೇ ತಪ್ಪು ನೋಡುತ್ತೇನೆ. ಕೈದಿಗಳ ಇಕ್ಕಟ್ಟು ಎಂಬ ಇಬ್ಬರ ಆಟದಲ್ಲಿ ನ್ಯಾಶ್ ಸಮತೋಲನ, ಅಂದರೆ ಒಬ್ಬನೇ ನಡೆ ಬದಲಿಸಿ ಯಾರಿಗೂ ಲಾಭವಾಗದ ಸ್ಥಿತಿ, ಹುಡುಕಿ ಎಂದು ಕೇಳಿದರೆ, ಲಾಭದ ಪಟ್ಟಿಯಲ್ಲಿ ಇಬ್ಬರಿಗೂ ಒಳ್ಳೆಯದಾಗುವ ಮನೆಯನ್ನು ಹುಡುಕಿ ಅದಕ್ಕೆ ಸುತ್ತು ಹಾಕುತ್ತಾರೆ. ಅದು ಅವರ ಆಸೆ, ಉತ್ತರ ಅಲ್ಲ. ಬಿಡಿಸುವ ದಾರಿ ಕಷ್ಟದ್ದಲ್ಲ. ಒಂದು ಕಾರ್ಡು, ಒಂದು ಪೆನ್ಸಿಲ್ ಇದ್ದರೆ ಸಾಕು.

ಮೊದಲು ಕಥೆ ಬದಲಿಸಿ

1950ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ಈ ಆಟವನ್ನು ಕಟ್ಟಿದರು. ಅದಕ್ಕೆ ಇಬ್ಬರು ಕೈದಿಗಳ ಕಥೆ ಹೊಂದಿಸಿದವರು ಗಣಿತಜ್ಞ ಆಲ್ಬರ್ಟ್ ಟಕರ್. ಹೆಸರು ಅಲ್ಲಿಂದ ಬಂತು. ಆದರೆ ಕಲಿಯುವಾಗ ಆ ಕಥೆ ಬೇಡ ಎಂಬುದು ನನ್ನ ಖಚಿತ ಮಾತು. ಅದರಲ್ಲಿರುವ ಅಂಕಿಗಳು ಜೈಲಿನ ವರ್ಷಗಳು. ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು. ಮಕ್ಕಳ ಕೈ ಮಾತ್ರ ಅಭ್ಯಾಸಬಲದಿಂದ ದೊಡ್ಡ ಅಂಕಿಯ ಕಡೆಗೇ ಹೋಗುತ್ತದೆ. ಅರ್ಧ ತಪ್ಪು ಅಲ್ಲೇ ಆಗುತ್ತದೆ.

ನಾನು ತೊಗರಿಯ ಕಥೆ ಹೇಳುತ್ತೇನೆ. ರಾಶಿ ಮುಗಿದಿದೆ. ಆಳಂದದ ಕಡೆಯ ಒಂದು ಹೊಲಕ್ಕೆ ಹೊರ ಊರಿನ ವ್ಯಾಪಾರಿ ಲಾರಿ ತಂದಿದ್ದಾನೆ. ರೈತ ಚೀಲಗಳನ್ನು ನಿನ್ನೆ ರಾತ್ರಿಯೇ ಹೊಲಿದಿಟ್ಟಿದ್ದಾನೆ. ಎಲ್ಲದರಲ್ಲೂ ಚೆನ್ನಾಗಿ ಒಣಗಿದ ತೊಗರಿ ತುಂಬಿರಬಹುದು, ಇಲ್ಲವೇ ಚೀಲದ ತಳದಲ್ಲಿ ಹಸಿ ತೊಗರಿ ಬೆರೆಸಿರಬಹುದು. ವ್ಯಾಪಾರಿಯ ತಕ್ಕಡಿಯೂ ನಿನ್ನೆಯೇ ಸಿದ್ಧವಾಗಿದೆ. ಅದು ಸರಿಯಾಗಿರಬಹುದು, ಇಲ್ಲವೇ ತೂಕ ಕಡಿಮೆ ತೋರಿಸಬಹುದು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಈ ಗೊತ್ತಿಲ್ಲದಿರುವುದು ಮುಖ್ಯ. ಒಬ್ಬರು ಮೊದಲು ನೋಡಿ ಆಮೇಲೆ ತೀರ್ಮಾನ ಮಾಡುವಂತಿದ್ದರೆ ಅದು ಬೇರೆ ಆಟ.

ಪಟ್ಟಿ ಬರೆಯಿರಿ

ಚೌಕುಳಿ ಹಾಳೆ ತೆಗೆದುಕೊಳ್ಳಿ. ಸಾಲುಗಳು ರೈತನವು, ಕಾಲಂಗಳು ವ್ಯಾಪಾರಿಯವು. ಪ್ರತಿ ಮನೆಯಲ್ಲಿ ಮೊದಲ ಅಂಕಿ ರೈತನ ಲಾಭ, ಎರಡನೆಯದು ವ್ಯಾಪಾರಿಯ ಲಾಭ. ರೂಪಾಯಿಗಳು ಲೆಕ್ಕಕ್ಕಾಗಿ ನಾನು ಹಾಕಿಕೊಂಡವು.

| | ವ್ಯಾಪಾರಿ: ಸರಿ ತೂಕ | ವ್ಯಾಪಾರಿ: ತೂಕದಲ್ಲಿ ಮೋಸ |
|---|---|---|
| ರೈತ: ಒಣ ತೊಗರಿ | 3000, 3000 | 0, 5000 |
| ರೈತ: ಹಸಿ ಬೆರಕೆ | 5000, 0 | 1000, 1000 |

ಇಲ್ಲಿ ಒಂದು ಎಚ್ಚರಿಕೆ. ಪರೀಕ್ಷೆ ಹತ್ತಿರ ಬಂದಾಗ ಮಾರುವ ಅಗ್ಗದ ಗೈಡುಗಳಲ್ಲಿ ಈ ಪಟ್ಟಿಯನ್ನೇ ತಪ್ಪಾಗಿ ಅಚ್ಚು ಹಾಕಿರುತ್ತಾರೆ. ಒಂಟಿಯಾಗಿ ಮೋಸ ಮಾಡಿದವನ ಲಾಭ ಎಲ್ಲಕ್ಕಿಂತ ಹೆಚ್ಚಿರಬೇಕು. ಆಮೇಲೆ ಇಬ್ಬರೂ ನಿಯತ್ತಾಗಿದ್ದಾಗಿನದು, ಆಮೇಲೆ ಇಬ್ಬರೂ ಮೋಸ ಮಾಡಿದಾಗಿನದು, ಕೊನೆಗೆ ಒಂಟಿಯಾಗಿ ಮೋಸ ಹೋದವನದು. ನಮ್ಮ ಪಟ್ಟಿಯಲ್ಲಿ 5000, 3000, 1000, 0. ಈ ಕ್ರಮ ತಪ್ಪಿದರೆ ಅದು ಕೈದಿಗಳ ಇಕ್ಕಟ್ಟೇ ಅಲ್ಲ.

ಕಾರ್ಡು ಇಟ್ಟು ಮುಚ್ಚಿ

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನ ಮಾಡಿ.

ಈಗ ನೀವು ರೈತ. ಬಲಗಡೆಯ ಕಾಲಂ ಮೇಲೆ ಕಾರ್ಡು ಇಟ್ಟು ಪೂರ್ತಿ ಮುಚ್ಚಿ. ವ್ಯಾಪಾರಿಯ ತೂಕ ಸರಿ ಇದೆ ಎಂದು ಸದ್ಯಕ್ಕೆ ಒಪ್ಪಿಕೊಂಡಿದ್ದೇವೆ, ಅಷ್ಟೇ. ಕಾಣುವ ಎರಡು ಮನೆಗಳಲ್ಲಿ ರೈತನ ಅಂಕಿಗಳನ್ನು ಮಾತ್ರ ನೋಡಿ. ಒಣ ತೊಗರಿ ಕೊಟ್ಟರೆ 3000, ಹಸಿ ಬೆರೆಸಿದರೆ 5000. 5000ದ ಕೆಳಗೆ ಗೆರೆ ಎಳೆಯಿರಿ. ವ್ಯಾಪಾರಿಯ ಅಂಕಿಯ ಕಡೆ ಈಗ ಕಣ್ಣು ಹಾಯಿಸಲೇಬೇಡಿ.

ಕಾರ್ಡನ್ನು ಎಡಗಡೆಯ ಕಾಲಂ ಮೇಲೆ ಸರಿಸಿ. ಈಗ ವ್ಯಾಪಾರಿಯ ತಕ್ಕಡಿ ಮೋಸದ್ದು. ಒಣ ತೊಗರಿ ಕೊಟ್ಟ ರೈತನಿಗೆ 0, ಬೆರೆಸಿದವನಿಗೆ 1000. 1000ದ ಕೆಳಗೆ ಗೆರೆ. ಅಂದರೆ ವ್ಯಾಪಾರಿ ಏನೇ ಮಾಡಲಿ, ರೈತನಿಗೆ ಹಸಿ ಬೆರೆಸುವುದೇ ಲಾಭ.

ಇನ್ನು ವ್ಯಾಪಾರಿಯ ಸರದಿ. ಕಾರ್ಡನ್ನು ಅಡ್ಡ ತಿರುಗಿಸಿ, ಸಾಲು ಮುಚ್ಚಿ. ಮೇಲಿನ ಸಾಲಿನಲ್ಲಿ ಅವನಿಗೆ 3000 ಮತ್ತು 5000, ಗೆರೆ 5000ಕ್ಕೆ. ಕೆಳಗಿನ ಸಾಲಿನಲ್ಲಿ 0 ಮತ್ತು 1000, ಗೆರೆ 1000ಕ್ಕೆ.

ಕಾರ್ಡು ತೆಗೆಯಿರಿ. ಎರಡೂ ಅಂಕಿಗೆ ಗೆರೆ ಬಿದ್ದಿರುವ ಮನೆ ಒಂದೇ, ಕೆಳಗಿನ ಬಲ ಮೂಲೆ. ಅದೇ ನ್ಯಾಶ್ ಸಮತೋಲನ. ಉತ್ತರವನ್ನು ‘1000, 1000’ ಎಂದು ಬರೆಯಬೇಡಿ. ಸಮತೋಲನ ಅಂದರೆ ಇಬ್ಬರ ನಡೆ, ಹಣ ಅಲ್ಲ. ‘ರೈತ ಹಸಿ ಬೆರೆಸುತ್ತಾನೆ, ವ್ಯಾಪಾರಿ ತೂಕದಲ್ಲಿ ಮೋಸ ಮಾಡುತ್ತಾನೆ’ ಎಂದು ಬರೆಯಿರಿ.

ಕಾರ್ಡು ಯಾಕೆ ಅಂದರೆ, ಅದಿಲ್ಲದಿದ್ದರೆ ಕಣ್ಣು ಓರೆಯಾಗಿ ಓಡುತ್ತದೆ. ಮೇಲಿನ ಎಡ ಮೂಲೆಯ 3000ವನ್ನು ಕೆಳಗಿನ ಬಲ ಮೂಲೆಯ 1000ದ ಜೊತೆ ಹೋಲಿಸಿ, ‘ನಿಯತ್ತೇ ವಾಸಿ ಅಲ್ವಾ’ ಅಂದುಬಿಡುತ್ತೇವೆ. ಆದರೆ ಓರೆಯಾಗಿ ಹೋಗಬೇಕಾದರೆ ಇಬ್ಬರೂ ಒಟ್ಟಿಗೆ ಮನಸ್ಸು ಬದಲಿಸಬೇಕು. ರೈತನ ಕೈಯಲ್ಲಿರುವುದು ತನ್ನ ಸಾಲು ಮಾತ್ರ. ವ್ಯಾಪಾರಿಯ ಕಾಲಂ ಅವನು ಬದಲಿಸಲಾರ.

ಸಿಕ್ಕ ಉತ್ತರವನ್ನು ಪರೀಕ್ಷಿಸುವುದು ಸುಲಭ. ಆ ಮನೆಯಲ್ಲಿ ನಿಂತು, ಒಬ್ಬನೇ ಬದಲಾದರೆ ಅವನಿಗೆ ಲಾಭವೇ ಎಂದು ಕೇಳಿ. ಕೆಳಗಿನ ಬಲ ಮೂಲೆಯಿಂದ ಒಬ್ಬನೇ ನಿಯತ್ತಿಗೆ ತಿರುಗಿದರೆ 1000 ಹೋಗಿ 0 ಆಗುತ್ತದೆ. ಯಾರೂ ಕದಲುವುದಿಲ್ಲ. ಮೇಲಿನ ಎಡ ಮೂಲೆಯಿಂದ ಒಬ್ಬನೇ ಕದಲಿದರೆ 3000 ಹೋಗಿ 5000 ಆಗುತ್ತದೆ. ಇಬ್ಬರಿಗೂ ಒಳ್ಳೆಯದಾದ ಆ ಮನೆ ನಿಲ್ಲದಿರುವುದು ಅದಕ್ಕೇ. ಜಾನ್ ನ್ಯಾಶ್ 1950ರಲ್ಲಿ ಹೇಳಿದ ಸಮತೋಲನದ ಅರ್ಥ ಇಷ್ಟೇ: ಒಬ್ಬನೇ ಬದಲಾಗಿ ಯಾರಿಗೂ ಲಾಭವಿಲ್ಲದ ಸ್ಥಿತಿ. ಅದು ಚೆನ್ನಾಗಿದೆ ಎಂದು ಅವರು ಹೇಳಲಿಲ್ಲ.

ಮಾತು ಕೊಟ್ಟರೆ ಸಾಲದೇ?

ಪ್ರತಿ ತರಗತಿಯಲ್ಲೂ ಒಬ್ಬರು ಎದ್ದು ಕೇಳುತ್ತಾರೆ: ‘ಸರ್, ಇಬ್ರೂ ಮೊದ್ಲೇ ಮಾತಾಡ್ಕೊಂಡ್ರ ಆಗಂಗಿಲ್ಲೇನ್ರಿ?’ ಒಳ್ಳೆಯ ಪ್ರಶ್ನೆ. ಮಾತಾಡಲಿ, ಚಹಾನೂ ಕುಡಿಯಲಿ. ಆಮೇಲೆ ಮತ್ತೆ ಅದೇ ಕಾರ್ಡು ಇಡಿ. ಒಂದು ಅಂಕಿಯೂ ಬದಲಾಗಿಲ್ಲ. ವ್ಯಾಪಾರಿ ಮಾತು ಉಳಿಸಿಕೊಳ್ಳುತ್ತಾನೆ ಎಂದು ರೈತ ಪೂರ್ತಿ ನಂಬಿದರೂ, ಆ ಕಾಲಂನಲ್ಲಿ 5000 ಇನ್ನೂ 3000ಕ್ಕಿಂತ ಜಾಸ್ತಿಯೇ.

ಅಂಕಿ ಬದಲಾದರೆ ಮಾತ್ರ ಉತ್ತರ ಬದಲಾಗುತ್ತದೆ. ಮೋಸ ಸಿಕ್ಕಿಬಿದ್ದೇ ಬೀಳುತ್ತದೆ, 2500 ದಂಡ ಕಟ್ಟಲೇಬೇಕು ಅಂದುಕೊಳ್ಳಿ. ಆಗ 5000 ಇದ್ದದ್ದು 2500 ಆಗುತ್ತದೆ, 3000ಕ್ಕಿಂತ ಕಡಿಮೆ. ಎಪಿಎಂಸಿ ಅಂಗಳದಲ್ಲಿ ಎಲ್ಲರೆದುರು ತೂಗುವುದಕ್ಕೂ ಹೊಲದಲ್ಲಿ ತೂಗುವುದಕ್ಕೂ ಇರುವ ವ್ಯತ್ಯಾಸ ಇದೇ. ಆದರೆ ನಮ್ಮ ವ್ಯಾಪಾರ ಹೊಲದಲ್ಲಿದೆ. ಅಲ್ಲಿ ದಂಡ ಹಾಕುವವರಿಲ್ಲ. ಉಳಿಯುವುದು ಒಂದೇ ದಾರಿ, ಮುಂದಿನ ಸುಗ್ಗಿ.

ಮುಂದಿನ ಸುಗ್ಗಿಯನ್ನು ಲೆಕ್ಕಕ್ಕೆ ತರುವುದು

ಇಬ್ಬರೂ ಸರಿಯಾಗಿ ಐದು ಸುಗ್ಗಿ ವ್ಯಾಪಾರ ಮಾಡುತ್ತಾರೆ, ಆಮೇಲೆ ಇಲ್ಲ, ಇದು ಇಬ್ಬರಿಗೂ ಗೊತ್ತು ಎಂದಿಟ್ಟುಕೊಳ್ಳಿ. ಕೊನೆಯಿಂದ ಎಣಿಸಿ. ಐದನೆಯದರ ನಂತರ ಏನೂ ಇಲ್ಲ, ಅಲ್ಲಿ ಹಳೆಯ ಪಟ್ಟಿಯೇ, ಇಬ್ಬರೂ ಮೋಸ. ಐದನೆಯದು ಹೇಗೂ ಹಾಳು ಎಂದಾದ ಮೇಲೆ ನಾಲ್ಕನೆಯದರಲ್ಲಿ ನಿಯತ್ತಾಗಿದ್ದು ಕಾಪಾಡುವುದು ಏನು? ಅದೂ ಹೋಯಿತು. ಹೀಗೆ ಮೊದಲನೆಯ ಸುಗ್ಗಿಯವರೆಗೂ ಕಳಚಿಕೊಂಡು ಬರುತ್ತದೆ.

ಮನುಷ್ಯರು ಯಾವಾಗಲೂ ಇಷ್ಟು ಕಟ್ಟುನಿಟ್ಟಾಗಿ ನಡೆಯುವುದಿಲ್ಲ. ಫ್ಲಡ್ ಮತ್ತು ಡ್ರೆಶರ್ ಬೇರೆ ಇಬ್ಬರಿಂದ ಈ ಆಟವನ್ನು 100 ಸಲ ಆಡಿಸಿದ್ದರು. ಸಂಖ್ಯೆ ಮೊದಲೇ ಗೊತ್ತಿತ್ತು. ಆದರೂ ಒಬ್ಬರು 68 ಸಲ, ಇನ್ನೊಬ್ಬರು 78 ಸಲ ಸಹಕಾರವನ್ನೇ, ಅಂದರೆ ನಿಯತ್ತಿನ ನಡೆಯನ್ನೇ ಆರಿಸಿದರು. ಪರೀಕ್ಷೆಯಲ್ಲಿ ಸಮತೋಲನ ಕೇಳಿದರೆ ಕೊನೆಯಿಂದ ಎಣಿಸಿ ಬರೆಯಿರಿ. ಜನ ಏನು ಮಾಡಿದರು ಎಂದು ಕೇಳಿದರೆ ಇದನ್ನು ಬರೆಯಿರಿ. ಎರಡನ್ನೂ ಕಲಸಬೇಡಿ.

ಸಹಕಾರ ಲೆಕ್ಕದಲ್ಲೂ ನಿಲ್ಲಬೇಕಾದರೆ ಕೊನೆಯ ಸುಗ್ಗಿ ಯಾವುದೆಂದು ಗೊತ್ತಿರಬಾರದು. ಇಬ್ಬರೂ ಒಂದು ಪಟ್ಟು ಹಿಡಿದಿದ್ದಾರೆ ಎನ್ನಿ: ನಿಯತ್ತಿನಿಂದ ಶುರು ಮಾಡುತ್ತೇನೆ, ಒಮ್ಮೆ ಮೋಸವಾದರೆ ಆಮೇಲೆ ನಾನೂ ಎಂದಿಗೂ ನಿಯತ್ತಾಗಿರುವುದಿಲ್ಲ. ಈಗ ಮೋಸದಿಂದ ಬರುವ ಹೆಚ್ಚುವರಿ 5000 ಕಳೆ 3000, ಅಂದರೆ 2000. ಅದು ಒಂದೇ ಸಲ. ಆಮೇಲೆ ಸೇರುವ ಪ್ರತಿ ಸುಗ್ಗಿಯಲ್ಲೂ 3000ದ ಬದಲು 1000, ಅಂದರೆ 2000 ನಷ್ಟ. ಹಾಗಾದರೆ ಕೇಳಬೇಕಾದ್ದು ಒಂದೇ: ಸರಾಸರಿ ಇನ್ನೆಷ್ಟು ಸಲ ಸೇರುತ್ತೇವೆ?

ಪ್ರತಿ ಸಲವೂ ಮತ್ತೆ ಸೇರುವ ಸಾಧ್ಯತೆ ಅರ್ಧ ಎನ್ನಿ. ಅರ್ಧ, ಅದರ ಅರ್ಧ ಕಾಲು, ಅದರ ಅರ್ಧ ಅರೆಕಾಲು, ಹೀಗೆ ಕೂಡಿಸುತ್ತ ಹೋದರೆ ಮೊತ್ತ 1. ಸರಾಸರಿ ಇನ್ನೊಂದೇ ಭೇಟಿ, ನಷ್ಟ 2000. ಲಾಭ ನಷ್ಟ ಸಮ. ಸಾಧ್ಯತೆ ಅರ್ಧಕ್ಕಿಂತ ಹೆಚ್ಚಿದ್ದರೆ ನಿಯತ್ತು ನಿಲ್ಲುತ್ತದೆ. ಲಾರಿಯವನು ಮತ್ತೆ ಬರುವ ಸಾಧ್ಯತೆ ಕಾಲು ಭಾಗ ಮಾತ್ರ ಆದರೆ, ಕಾಲು, ಅದರ ಕಾಲು, ಹೀಗೆ ಕೂಡಿಸಿದ ಮೊತ್ತ ಮೂರನೇ ಒಂದು. ನಷ್ಟ ಸುಮಾರು 667 ರೂಪಾಯಿ. 2000ದ ಆಸೆಯನ್ನು ಅದು ತಡೆಯಲಾರದು. ವರ್ಷವರ್ಷವೂ ಅದೇ ಅಡತ ಅಂಗಡಿಗೆ ಹೋಗುವ ರೈತನ ಲೆಕ್ಕ ಬೇರೆಯಾಗುವುದು ಇಲ್ಲಿ.

ಇದರಿಂದ ಸಹಕಾರ ಬಂದೇ ಬರುತ್ತದೆ ಎಂದು ಬರೆದರೆ ಅಂಕ ಹೋಗುತ್ತದೆ. ಎಷ್ಟೇ ಸಲ ಸೇರಲಿ, ‘ಇಬ್ಬರೂ ಯಾವಾಗಲೂ ಮೋಸ’ ಎಂಬುದೂ ಸಮತೋಲನವಾಗಿಯೇ ಉಳಿಯುತ್ತದೆ. ಮತ್ತೆ ಮತ್ತೆ ಸೇರುವುದರಿಂದ ಇನ್ನೊಂದು ಬಾಗಿಲು ತೆರೆಯುತ್ತದೆ, ಹಳೆಯದು ಮುಚ್ಚುವುದಿಲ್ಲ.

ಇನ್ನೊಂದು ತೊಂದರೆ ಮಳೆಯದು. ಅಕಾಲದ ಮಳೆಗೆ ಚೀಲ ನೆನೆಯಿತು. ರೈತನ ತಪ್ಪಿಲ್ಲ, ಆದರೆ ವ್ಯಾಪಾರಿಯ ಕೈಗೆ ಸಿಕ್ಕಿದ್ದು ಹಸಿ ತೊಗರಿ. ಮೇಲೆ ಹೇಳಿದ ಪಟ್ಟಿನ ಪ್ರಕಾರ ಸಂಬಂಧ ಅಲ್ಲಿಗೇ ಮುಗಿಯಿತು. ಹೋದ ಸಲ ಅವನು ಮಾಡಿದ್ದನ್ನೇ ಈ ಸಲ ನಾನು ಮಾಡುತ್ತೇನೆ ಎಂಬ ಇನ್ನೊಂದು ಪಟ್ಟು ಇದೆ. ಅನಾಟೋಲ್ ರಾಪೊಪೋರ್ಟ್ ಕಳಿಸಿದ ಈ ಸಣ್ಣ ನಿಯಮವೇ ರಾಬರ್ಟ್ ಆಕ್ಸೆಲ್‌ರಾಡ್ ಇದೇ ಆಟಕ್ಕೆ ನಡೆಸಿದ ಕಂಪ್ಯೂಟರ್ ಪಂದ್ಯಗಳಲ್ಲಿ ಗೆದ್ದಿತು. ಆದರೆ ಮಳೆಯಂಥ ಆಕಸ್ಮಿಕಕ್ಕೆ ಅದೂ ಸಿಕ್ಕಿಬೀಳುತ್ತದೆ. ಈ ವರ್ಷ ಹಸಿ ತೊಗರಿ, ಮುಂದಿನ ವರ್ಷ ವ್ಯಾಪಾರಿಯ ಮೋಸ, ಅದರ ಮುಂದಿನ ವರ್ಷ ರೈತನ ಸೇಡು, ಹೀಗೆ ಸರದಿ ನಡೆಯುತ್ತಲೇ ಇರುತ್ತದೆ. ಆಗಾಗ ಒಂದು ಸಲ ಬಿಟ್ಟುಕೊಟ್ಟರೆ ಆ ಸರದಿ ಮುರಿಯುತ್ತದೆ. ಎಷ್ಟು ಸಲ ಬಿಟ್ಟುಕೊಡಬೇಕು ಎಂಬುದಕ್ಕೂ ಮಿತಿಯಿದೆ. ಯಾವಾಗಲೂ ಬಿಟ್ಟುಕೊಡುವ ವ್ಯಾಪಾರಿಯ ಮುಂದೆ ಮತ್ತೆ ಕಾರ್ಡು ಇಟ್ಟು ನೋಡಿ, ರೈತನ ಗೆರೆ 5000ದ ಕೆಳಗೇ ಬೀಳುತ್ತದೆ.