ಚಿಲ್ರೆ ಖರ್ಚು ಮಗಳ ಕೈಲಿ, ದೊಡ್ಡ ಪೇಮೆಂಟ್‌ಗೆ ಅಮ್ಮನ ಓಕೆ

ಮಕ್ಕಳು ಪಿಯುಸಿಗೆ ಬಂದ್ರು ಅಂದ್ರೆ ಕ್ಯಾಂಟೀನು, ಜೆರಾಕ್ಸು, ಮೆಟ್ರೋ ಅಂತ ದಿನಾ ಏನಾದ್ರೂ ಖರ್ಚು ಇದ್ದೇ ಇರುತ್ತೆ, ಐನೂರರ ನೋಟು ಕೊಟ್ಟು ಕಳಿಸಿದ್ರೆ ಅಂಗಡಿಯವ್ರು ಚಿಲ್ರೆ ಇಲ್ಲಮ್ಮ ಸ್ಕ್ಯಾನ್ ಮಾಡು ಅಂತಾರೆ. ಅದಕ್ಕೆ ಎಷ್ಟೋ ಮನೇಲಿ ಅಪ್ಪನ ಬ್ಯಾಂಕಿಗೆ ಲಿಂಕ್ ಆಗಿರೋ ಸಿಮ್ಮನ್ನೇ ಮಕ್ಕಳ ಫೋನಿಗೆ ಹಾಕಿ, ಯುಪಿಐ ಪಿನ್ನೂ ಹೇಳ್ಕೊಟ್ಟು ಕಳಿಸ್ತಾರೆ. ದಯವಿಟ್ಟು ಇದೊಂದು ಮಾಡ್ಬೇಡಿ, ಆ ಪಿನ್ ಗೊತ್ತಿದ್ರೆ ಅಕೌಂಟಲ್ಲಿರೋ ಸಂಬಳವೆಲ್ಲಾ ಒಂದು ಸ್ಕ್ಯಾನಿನ ದೂರದಲ್ಲಿರುತ್ತೆ.

ಇದಕ್ಕೆ ಅಂತಾನೇ ಯುಪಿಐ ಸರ್ಕಲ್ ಅನ್ನೋ ವ್ಯವಸ್ಥೆ 2024ರಲ್ಲಿ ಬಂತು. ಅಕೌಂಟ್ ಅಮ್ಮಂದು, ಫೋನ್ ಮಗಳದ್ದು, ಪಿನ್ ಮಾತ್ರ ಅಮ್ಮನ ಹತ್ರಾನೇ. ಮಗಳು ತನ್ನ ಫೋನಲ್ಲಿ ಬೆರಳಚ್ಚು ಅಥವಾ ಆ್ಯಪ್ ಲಾಕ್ ಕೊಟ್ಟು ಸ್ಕ್ಯಾನ್ ಮಾಡ್ತಾಳೆ, ದುಡ್ಡು ಸೀದಾ ಅಮ್ಮನ ಅಕೌಂಟಿಂದ ಅಂಗಡಿಗೆ ಹೋಗುತ್ತೆ.

ಇದರಲ್ಲಿ ಎರಡು ಥರ ಇದೆ, ಇಲ್ಲೇ ಜಾಸ್ತಿ ಜನ ಗೊಂದಲ ಮಾಡ್ಕೊಳ್ಳೋದು. ಒಂದರಲ್ಲಿ ತಿಂಗಳಿಗೆ ಇಷ್ಟು ಅಂತ ಲಿಮಿಟ್ ಹಾಕ್ತೀರಿ, ಗರಿಷ್ಠ 15,000 ರೂಪಾಯಿ, ಒಂದ್ಸಲಕ್ಕೆ ಜಾಸ್ತಿ ಅಂದ್ರೆ 5,000, ಅಷ್ಟರೊಳಗೆ ಮಕ್ಕಳು ಕೇಳದೇನೇ ಖರ್ಚು ಮಾಡ್ಬಹುದು. ಇನ್ನೊಂದರಲ್ಲಿ ಈ ತಿಂಗಳ ಲಿಮಿಟ್ ಮಾತಿಲ್ಲ, ಮಾಮೂಲಿ ಯುಪಿಐ ಮಿತಿನೇ, ಪ್ರತಿಯೊಂದು ಪೇಮೆಂಟ್‌ಗೂ ನಿಮ್ಮ ಫೋನಿಗೆ ರಿಕ್ವೆಸ್ಟ್ ಬರುತ್ತೆ, ನೀವು ಪಿನ್ ಹಾಕಿದ್ರೆ ಮಾತ್ರ ಮುಂದಕ್ಕೆ ಹೋಗುತ್ತೆ. ನಾವು ಮನಸ್ಸಲ್ಲಿ ಅಂದ್ಕೊಳ್ಳೋದು ಇವೆರಡರ ಮಧ್ಯದ್ದು, ಅಂದ್ರೆ 200 ರೂಪಾಯಿ ತನಕ ಅವಳೇ ಕೊಡ್ಲಿ, ಅದಕ್ಕಿಂತ ಜಾಸ್ತಿ ಆದ್ರೆ ನನ್ನನ್ನ ಕೇಳ್ಲಿ ಅಂತ. ಈ ಎರಡು ಥರದಲ್ಲಿ ಯಾವುದನ್ನ ಆರಿಸಿದ್ರೂ ಹಾಗೆ ಗೆರೆ ಎಳೆಯೋಕೆ ಬರಲ್ಲ. ಬರೀ ತಿಂಗಳಿಗೆ 3,000 ಅಂತ ಲಿಮಿಟ್ ಹಾಕಿದ್ರೆ ಅಷ್ಟೂ ಒಂದೇ ಶನಿವಾರ ಒಂದೇ ಬಿಲ್ಲಿಗೆ ಹೋಗ್ಬಹುದು, ಬರೀ ಅಪ್ರೂವಲ್ ಇಟ್ರೆ ಹದಿನೈದು ರೂಪಾಯಿ ಟೀಗೂ ನೀವು ಮೀಟಿಂಗ್ ಬಿಟ್ಟು ಪಿನ್ ಒತ್ತುತ್ತಾ ಕೂರ್ಬೇಕು.

ಹಾಗಾಗಿ ನನ್ನ ಪ್ರಕಾರ ಎರಡು ಜೇಬು ಮಾಡೋದೇ ಸರಿ. ಚಿಲ್ರೆ ಖರ್ಚಿಗೆ ಅವಳದ್ದೇ ಒಂದು ಸಣ್ಣ ಅಕೌಂಟು ಅಥವಾ ಪ್ರೀಪೇಯ್ಡ್ ವಾಲೆಟ್ಟು, ದೊಡ್ಡದಕ್ಕೆ ಅಪ್ರೂವಲ್ ಥರದ ಸರ್ಕಲ್.

ಮೊದಲು ಚಿಲ್ರೆ ಜೇಬು ನೋಡೋಣ. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ನಡೆಸೋ ಸೇವಿಂಗ್ಸ್ ಅಕೌಂಟ್ ತೆರೀಬಹುದು ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ಮತ್ತೆ ಸ್ಪಷ್ಟ ಮಾಡಿದೆ, ಆದ್ರೆ ಎಷ್ಟು ದುಡ್ಡಿನ ತನಕ, ಕಾರ್ಡ್ ಕೊಡ್ಬೇಕಾ ಬೇಡ್ವಾ ಅನ್ನೋದು ಆಯಾ ಬ್ಯಾಂಕಿನ ಲೆಕ್ಕ, ಅದಕ್ಕೆ ಬ್ರ್ಯಾಂಚಿಗೆ ಹೋದಾಗ ಫಾರಂ ತುಂಬೋಕೆ ಮುಂಚೆನೇ ಯುಪಿಐ ಸಿಗುತ್ತಾ ಕೇಳ್ಬಿಡಿ. ಇಂಥ ಅಕೌಂಟಲ್ಲಿ ಓವರ್‌ಡ್ರಾಫ್ಟ್ ಕೊಡೋ ಹಾಗಿಲ್ಲ, ಇರೋದು ಖಾಲಿ ಆದ್ರೆ ಅಲ್ಲಿಗೆ ಮುಗೀತು, ಅದೇ ನಿಮ್ಮ ಲಿಮಿಟ್ಟು.

ಎಷ್ಟು ಹಾಕೋದು? ರಾಜಾಜಿನಗರದಿಂದ ಮಲ್ಲೇಶ್ವರದ ಕಾಲೇಜಿಗೆ ಹೋಗೋ ಹುಡುಗಿ ಅಂತ ಇಟ್ಕೊಳ್ಳಿ, ಬಸ್ ಪಾಸ್ ಇದೆ, ಊಟದ ಡಬ್ಬಿ ಮನೆಯಿಂದಾನೇ. ಮಧ್ಯಾಹ್ನದ ತಿಂಡಿ ಜ್ಯೂಸಿಗೆ ದಿನಕ್ಕೆ 60 ಅಂದ್ರೆ ಐದು ದಿನಕ್ಕೆ 300, ಜೆರಾಕ್ಸು ಪೆನ್ನು ಅಂತ 100, ಶನಿವಾರ ಫ್ರೆಂಡ್ಸ್ ಜೊತೆ ಚಾಟ್ಸಿಗೆ 150, ಮಳೆ ಬಂದು ಬಸ್ ಸಿಗದೆ ಆಟೋ ಹತ್ತೋ ದಿನಕ್ಕೆ ಇನ್ನೊಂದು 150. ವಾರಕ್ಕೆ ಒಟ್ಟು 700. ಇದನ್ನ ತಿಂಗಳಿಗೆ ಒಂದೇ ಸಲ ಹಾಕೋ ಬದಲು ಪ್ರತಿ ಭಾನುವಾರ ಹೋಗೋ ಹಾಗೆ ನಿಮ್ಮ ಬ್ಯಾಂಕಿನ ಆ್ಯಪಲ್ಲಿ ಸೆಟ್ ಮಾಡ್ಬಿಡಿ, ಬುಧವಾರಕ್ಕೇ ಖಾಲಿ ಮಾಡ್ಕೊಂಡ್ರೂ ಇನ್ನು ನಾಲ್ಕೇ ದಿನ ಕಾಯೋದು, ಅಷ್ಟರಲ್ಲಿ ಲೆಕ್ಕ ಅವಳಿಗೇ ಗೊತ್ತಾಗುತ್ತೆ.

ಈಗ ದೊಡ್ಡ ಜೇಬು. ಇದಕ್ಕೆ ಮುಂಚೆ ಅಪ್ಪ ಅಮ್ಮ ಇಬ್ರೂ ಕೂತು ಒಂದು ವಿಷಯ ತೀರ್ಮಾನ ಮಾಡ್ಬೇಕು, ರಿಕ್ವೆಸ್ಟ್ ಯಾರ ಫೋನಿಗೆ ಬರ್ಬೇಕು ಅಂತ. ಒಬ್ಬರು ತಮ್ಮ ಸರ್ಕಲ್ಲಿಗೆ ಐದು ಜನರ ತನಕ ಸೇರಿಸ್ಕೋಬಹುದು, ಆದ್ರೆ ಮಗಳು ಒಂದೇ ಸರ್ಕಲ್ಲಲ್ಲಿ ಇರೋಕೆ ಸಾಧ್ಯ. ಕಾಲೇಜ್ ಟೈಮಲ್ಲಿ ಯಾರು ಫೋನ್ ನೋಡೋಕೆ ಆಗುತ್ತೋ ಅವರೇ ಆಗ್ಲಿ. ಸಂಬಳದ ಅಕೌಂಟ್ ಬಿಟ್ಟು ಮನೆ ಖರ್ಚಿಗಿರೋ ಬೇರೆ ಅಕೌಂಟನ್ನ ಇದಕ್ಕೆ ಕೊಡಿ.

ಅಮ್ಮನ ಫೋನ್‌ಬುಕ್ಕಲ್ಲಿ ಮಗಳ ನಂಬರ್ ಮೊದಲೇ ಸೇವ್ ಆಗಿರ್ಬೇಕು, ಯಾಕಂದ್ರೆ ಸರ್ಕಲ್ಲಿಗೆ ಸೇರಿಸೋವಾಗ ನಂಬರ್ ಟೈಪ್ ಮಾಡೋಕೆ ಬಿಡಲ್ಲ, ಕಾಂಟ್ಯಾಕ್ಟಿಂದಾನೇ ಆರಿಸ್ಬೇಕು. ಆ್ಯಪಲ್ಲಿ UPI Circle ಅಂತ ಇರೋ ಕಡೆ ಹೋಗಿ ಮಗಳ ಕ್ಯೂಆರ್ ಸ್ಕ್ಯಾನ್ ಮಾಡಿ ಇಲ್ಲಾ ಅವಳ ಯುಪಿಐ ಐಡಿ ಹಾಕಿ, ಕಾಂಟ್ಯಾಕ್ಟ್ ಆರಿಸಿ, ಪ್ರತಿ ಪೇಮೆಂಟ್‌ಗೂ ಅಪ್ರೂವಲ್ ಅನ್ನೋದನ್ನ ಒತ್ತಿ, ಅಕೌಂಟ್ ತೋರಿಸಿ ಪಿನ್ ಹಾಕಿ. ಆಮೇಲೆ ಮಗಳ ಫೋನಲ್ಲಿ ಬರೋ ಆಹ್ವಾನವನ್ನ ಅವಳು ಒಪ್ಕೊಂಡ್ರೆ ಆಯ್ತು. ಅವಳ ಸ್ವಂತ ಅಕೌಂಟು ಒಂದು ಆ್ಯಪಲ್ಲಿ, ಸರ್ಕಲ್ ಇನ್ನೊಂದು ಆ್ಯಪಲ್ಲಿ ಇಟ್ರೆ ಯಾವ ಜೇಬಿಂದ ಹೋಗ್ತಿದೆ ಅನ್ನೋ ಗೊಂದಲ ಇರಲ್ಲ. ಶುರುವಲ್ಲಿ 24 ಗಂಟೆ 5,000 ರೂಪಾಯಿ ಮಿತಿ ಇರುತ್ತೆ, ಅದಕ್ಕೆ ಟ್ಯೂಷನ್ ಫೀ ಕಟ್ಟೋ ದಿನಾನೇ ಸೆಟಪ್ ಮಾಡೋಕೆ ಹೋಗ್ಬೇಡಿ.

ಸೆಟಪ್ ಆದ ಸಂಜೆನೇ ಇಬ್ರೂ ಹತ್ರದ ದರ್ಶಿನಿಗೆ ಹೋಗಿ ಒಂದು ಕಾಫಿಗೆ ಇದರಲ್ಲೇ ಕೊಟ್ಟು ನೋಡಿ, ಅಮ್ಮ ಸ್ವಲ್ಪ ದೂರ ನಿಂತಿರ್ಲಿ, ಫೋನ್ ಬ್ಯಾಗಲ್ಲೇ ಇರ್ಲಿ. ರಿಕ್ವೆಸ್ಟ್ ಸದ್ದು ಬರ್ಲಿಲ್ಲ ಅಂದ್ರೆ ಆ ಆ್ಯಪಿನ ನೋಟಿಫಿಕೇಶನ್ ಆಫ್ ಆಗಿರುತ್ತೆ ಇಲ್ಲಾ ಬ್ಯಾಟರಿ ಸೇವರ್ ಅದನ್ನ ಮಲಗಿಸಿರುತ್ತೆ. ಆ್ಯಪ್ ತೆರೆದು ನೋಡಿದ್ರೆ ಒಳಗೆ ರಿಕ್ವೆಸ್ಟ್ ಕಾಯ್ತಾ ಇದ್ಯಾ, ಹಾಗಾದ್ರೆ ತೊಂದರೆ ನೋಟಿಫಿಕೇಶನ್‌ದೇ.

ಇನ್ನು ಅಸಲಿ ದಿನ ಹೇಗಿರುತ್ತೆ ನೋಡಿ. ಮಗಳು ಅವೆನ್ಯೂ ರೋಡಲ್ಲಿ ಸಿಇಟಿ ಗೈಡ್‌ಗಳ ಸೆಟ್ ತಗೊಂಡಿದ್ದಾಳೆ, 1,850 ರೂಪಾಯಿ. ಸ್ಕ್ಯಾನ್ ಮಾಡೋಕೆ ಮುಂಚೆನೇ ಅವಳು ಫೋನ್ ಮಾಡಿ "ಅಮ್ಮ, ಪುಸ್ತಕಕ್ಕೆ ರಿಕ್ವೆಸ್ಟ್ ಕಳಿಸ್ತಿದೀನಿ, ಸಾವಿರದ ಎಂಟ್ನೂರೈವತ್ತು" ಅಂತ ಹೇಳ್ಬೇಕು, ಯಾಕಂದ್ರೆ ರಿಕ್ವೆಸ್ಟಿಗೆ ಟೈಮ್ ಲಿಮಿಟ್ ಇರುತ್ತೆ, ಅಮ್ಮ ಅಷ್ಟರಲ್ಲಿ ನೋಡ್ಲಿಲ್ಲ ಅಂದ್ರೆ ಕ್ಯಾನ್ಸಲ್ ಆಗಿ ಮೊದಲಿಂದ ಕಳಿಸ್ಬೇಕು, ಹಿಂದೆ ಕ್ಯೂ ನಿಂತವ್ರ ಎದುರು ಪಾಪ ಮಗು ಒದ್ದಾಡುತ್ತೆ. ಅಮ್ಮ ನೋಡ್ಬೇಕಾದ್ದು ಎರಡೇ, ಮೊತ್ತ ಮತ್ತು ದುಡ್ಡು ಯಾರ ಹೆಸರಿಗೆ ಹೋಗ್ತಿದೆ ಅನ್ನೋದು. ಅಂಗಡಿ ಬೋರ್ಡ್ ಒಂದು ಹೆಸರು, ಸ್ಕ್ರೀನಲ್ಲಿ ಮಾಲೀಕರ ಹೆಸರು ಇರೋದು ಮಾಮೂಲಿ, ಮಗಳು ಕೌಂಟರಲ್ಲಿ ಆ ಹೆಸರು ಕೇಳಿ ಖಾತ್ರಿ ಮಾಡ್ಕೊಂಡ್ರೆ ಆಯ್ತು. ಫೋನ್ ಬರದೆ ಬರೀ ರಿಕ್ವೆಸ್ಟ್ ಬಂತಾ, ರಿಜೆಕ್ಟ್ ಮಾಡಿ ನೀವೇ ಫೋನ್ ಮಾಡಿ. ಅರ್ಧ ನಿದ್ದೇಲಿ, ಗಾಡಿ ಸಿಗ್ನಲ್ಲಲ್ಲಿ ನಿಂತಿರೋವಾಗ ಪಿನ್ ಒತ್ತೋ ಅಭ್ಯಾಸ ಬೆಳೆದ್ರೆ ಈ ಅಪ್ರೂವಲ್ ಇದ್ದೂ ಇಲ್ಲದ ಹಾಗೆ.

ಪುಸ್ತಕ ವಾಪಸ್ ಮಾಡಿದ್ರೆ ರೀಫಂಡ್ ಅಮ್ಮನ ಅಕೌಂಟಿಗೇ ಬರುತ್ತೆ, ಅದನ್ನ ಮಗಳಿಗೂ ಹೇಳಿರಿ, ಇಲ್ಲಾಂದ್ರೆ ಅವಳು ತನ್ನ ಅಕೌಂಟ್ ನೋಡ್ಕೊಂಡು ಬಂದಿಲ್ಲ ಅಂತ ಅಂಗಡಿಯವ್ರ ಜೊತೆ ವಾದ ಮಾಡ್ತಾಳೆ. ಫೋನ್ ಬಸ್ಸಲ್ಲಿ ಕಳೆದ್ರೆ ಅಮ್ಮ ತನ್ನ ಆ್ಯಪಿಂದಾನೇ ಮಗಳನ್ನ ಸರ್ಕಲ್ಲಿಂದ ತೆಗೀಬಹುದು, ಆಮೇಲೆ ಸಿಮ್ ಬ್ಲಾಕ್ ಮಾಡಿಸಿ, ಅವಳ ಸ್ವಂತ ಅಕೌಂಟಿನ ಬ್ಯಾಂಕಿಗೂ ತಿಳಿಸಿ. ಇನ್ನು 18 ತುಂಬಿದಾಗ ಆ ಅಕೌಂಟಿಗೆ ಬ್ಯಾಂಕ್ ಹೊಸದಾಗಿ ಸಹಿ ತಗೊಳ್ಳುತ್ತೆ, ಅಡ್ಮಿಶನ್ ಗಡಿಬಿಡೀಲಿ ಸಿಕ್ಕಾಕೊಳ್ಳೋಕೆ ಮುಂಚೆನೇ ಮಗಳನ್ನ ಕರ್ಕೊಂಡು ಬ್ರ್ಯಾಂಚಿಗೆ ಹೋಗಿ ಆ ಕೆಲ್ಸ ಮುಗಿಸ್ಕೊಳ್ಳಿ.