ಪರೀಕ್ಷೆ ಬರೆದು ಬಂದ ನೌಕರರನ್ನು ತೆಗೆಯುವುದು ಹೇಗೆ?

1881ರ ಜುಲೈ 2. ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಮೇಲೆ ಚಾರ್ಲ್ಸ್ ಗಿಟೋ ಎಂಬಾತ ಗುಂಡು ಹಾರಿಸಿದ. ಚುನಾವಣೆಯಲ್ಲಿ ಪಕ್ಷಕ್ಕೆ ದುಡಿದಿದ್ದೇನೆ, ಪ್ಯಾರಿಸ್‌ನಲ್ಲಿ ಕಾನ್ಸುಲ್ ಹುದ್ದೆ ಕೊಡಿ ಎಂದು ಕಚೇರಿಗಳಿಗೆ ಅಲೆದು ಸೋತಿದ್ದವನು ಅವನು. ಆಗ ಅಲ್ಲಿ ಇದ್ದದ್ದೇ ಆ ಪದ್ಧತಿ. ಗೆದ್ದ ಪಕ್ಷ ಅಂಚೆ, ಕಸ್ಟಮ್ಸ್ ಕಚೇರಿಗಳ ಕೆಲಸವನ್ನೆಲ್ಲ ತನ್ನವರಿಗೆ ಹಂಚುತ್ತಿತ್ತು. ಕೆಲಸ ಸಿಕ್ಕವರು ಸಂಬಳದಲ್ಲಿ ಒಂದು ಪಾಲನ್ನು ಪಕ್ಷಕ್ಕೆ ಕೊಡಬೇಕಿತ್ತು. ಇದನ್ನು ‘ಸ್ಪಾಯ್ಲ್ಸ್ ಸಿಸ್ಟಮ್’ ಎನ್ನುತ್ತಿದ್ದರು. ಗೆದ್ದವರಿಗೆ ಕೊಳ್ಳೆ ಎಂದರ್ಥ.

ಗಾರ್‌ಫೀಲ್ಡ್ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. 1883ರಲ್ಲಿ ಪೆಂಡಲ್‌ಟನ್ ಕಾಯ್ದೆ ಬಂತು. ಮೊದಲಿಗೆ ಹತ್ತರಲ್ಲಿ ಒಂದರಷ್ಟು ಹುದ್ದೆಗೆ ಮಾತ್ರ ಪರೀಕ್ಷೆ ಕಡ್ಡಾಯವಾಯಿತು. ಪಕ್ಷಕ್ಕೆ ದುಡ್ಡು ಕೊಡಲಿಲ್ಲವೆಂದು ಯಾರನ್ನೂ ತೆಗೆಯುವಂತಿಲ್ಲ ಎಂದೂ ಕಾಯ್ದೆ ಹೇಳಿತು. ಆದರೆ ಉಳಿದ ಕಾರಣಗಳಿಗೆ ತೆಗೆಯುವ ಅಧಿಕಾರಕ್ಕೆ ಅದು ಹೆಚ್ಚು ಕೈ ಹಾಕಲಿಲ್ಲ. ಮುಂಬಾಗಿಲನ್ನು ಸರಿಯಾಗಿ ಕಾದರೆ ಹಿಂಬಾಗಿಲ ಚಿಂತೆ ಬೇಡ ಎಂಬುದು ಸುಧಾರಕರ ಲೆಕ್ಕ. ಒಬ್ಬರನ್ನು ಕಳಿಸಿದರೂ ಆ ಜಾಗಕ್ಕೆ ಪರೀಕ್ಷೆ ಪಾಸಾದವರೇ ಬರಬೇಕಲ್ವಾ?

ಲೆಕ್ಕದಲ್ಲಿ ಒಂದು ಕೊರತೆ ಇತ್ತು. ನೌಕರರನ್ನು ತೆಗೆಯುವುದು ತಮ್ಮವರನ್ನು ಕೂರಿಸಲು ಮಾತ್ರವಲ್ಲ, ಬಾಯಿ ಮುಚ್ಚಿಸಲೂ ಹೌದು. 1912ರಲ್ಲಿ ಇನ್ನೊಂದು ಕಾಯ್ದೆ ಬಂದ ಮೇಲೆಯೇ, ಕಾರಣವನ್ನು ಬರೆದು ಕೊಟ್ಟು ಉತ್ತರ ಕೇಳಬೇಕು ಎಂಬ ನಿಯಮ ಅಲ್ಲಿ ಕಾನೂನಾಯಿತು.

ನಮ್ಮಲ್ಲಿ ಈ ಕೆಲಸವನ್ನು ಸಂವಿಧಾನದ 311ನೇ ವಿಧಿ ಮಾಡುತ್ತದೆ. ಹೇಗೆ ಎಂದು ತಿಳಿಯಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಾಲ್ಲೂಕು ಕಚೇರಿಯ ಪ್ರಥಮ ದರ್ಜೆ ಸಹಾಯಕ, ಅಂದರೆ ಎಫ್‌ಡಿಎ ಒಬ್ಬರು, ದಾಖಲೆ ಸರಿಯಿಲ್ಲದ ಜಮೀನಿನ ಖಾತೆ ಬದಲಾವಣೆ ಕಡತವನ್ನು ಮುಂದಕ್ಕೆ ಕಳಿಸಲು ಒಪ್ಪಲಿಲ್ಲ. ಪ್ರಭಾವಿ ಒಬ್ಬರಿಗೆ ಸಿಟ್ಟು ಬಂತು. ಆ ಎಫ್‌ಡಿಎಯನ್ನು ವಜಾ ಮಾಡಬೇಕಾದರೆ ಏನೇನು ಆಗಬೇಕು?

ಮೊದಲು, ಸಹಿ ಯಾರದು ನೋಡಿ. ನೇಮಿಸಿದವರಿಗಿಂತ ಕೆಳಗಿನ ಅಧಿಕಾರಿ ವಜಾ ಮಾಡುವಂತಿಲ್ಲ. ನೇಮಕಾತಿ ಆದೇಶ ಜಿಲ್ಲಾಧಿಕಾರಿಯದಾಗಿದ್ದರೆ, ತಹಶೀಲ್ದಾರರ ವಜಾ ಆದೇಶ ನಿಲ್ಲುವುದಿಲ್ಲ. ಸ್ಥಳೀಯ ಒತ್ತಡ ಮೊದಲು ತಟ್ಟುವುದು ಹತ್ತಿರದ ಅಧಿಕಾರಿಗೆ. ಅದಕ್ಕೇ ಈ ಅಡ್ಡಗೋಡೆ.

ಆಮೇಲೆ ಆರೋಪ ಪಟ್ಟಿ. ‘ನಡತೆ ಸರಿಯಿಲ್ಲ’ ಎಂದು ಸುಮ್ನೆ ಬರೆದರೆ ಸಾಲದು. ಯಾವ ದಿನ, ಯಾವ ಕಡತ, ಏನು ತಪ್ಪು ಎಂದು ಹೇಳಬೇಕು. ಆಧಾರವಾದ ದಾಖಲೆ ಮತ್ತು ಸಾಕ್ಷಿಗಳ ಪಟ್ಟಿಯೂ ಜೊತೆಗಿರಬೇಕು. ನಮ್ಮ ಉದಾಹರಣೆಯಲ್ಲಿ ಪ್ರಕರಣ ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ಕಡತ ತಡೆದದ್ದು ತಪ್ಪು ಎಂದು ಬರೆಯಲು ಹೊರಟರೆ, ಯಾಕೆ ತಡೆದರು ಎಂಬ ಅವರ ಟಿಪ್ಪಣಿಯೂ ಹೊರಗೆ ಬರುತ್ತದೆ.

ನಂತರ ಇಲಾಖಾ ವಿಚಾರಣೆ. ವಿಚಾರಣಾಧಿಕಾರಿಯ ಮುಂದೆ ಸಾಕ್ಷಿಗಳನ್ನು ಪ್ರಶ್ನಿಸಲು ನೌಕರರಿಗೆ ಅವಕಾಶವಿದೆ. ವಿಚಾರಣೆಯ ವರದಿಯ ಪ್ರತಿಯನ್ನೂ ಅವರಿಗೆ ಕೊಟ್ಟು ಅವರ ಮಾತು ಕೇಳಬೇಕು. 1976ರ 42ನೇ ತಿದ್ದುಪಡಿಯ ನಂತರ, ಶಿಕ್ಷೆ ಎಷ್ಟಿರಬೇಕು ಎಂಬುದರ ಬಗ್ಗೆ ಮಾತ್ರ ಮತ್ತೊಮ್ಮೆ ಕೇಳಬೇಕಿಲ್ಲ.

ಈ ದಾರಿಗೆ ಮೂರು ಅಪವಾದಗಳಿವೆ: ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾಗಿದ್ದರೆ, ವಿಚಾರಣೆ ನಡೆಸಲು ಸಾಧ್ಯವೇ ಇಲ್ಲದಿದ್ದರೆ, ದೇಶದ ಭದ್ರತೆಯ ಪ್ರಶ್ನೆ ಬಂದರೆ. ಎರಡನೆಯದನ್ನು ಗಮನವಿಟ್ಟು ನೋಡಬೇಕು. ಯಾಕೆ ಸಾಧ್ಯವಿಲ್ಲ ಎಂಬ ಕಾರಣವನ್ನು ಬರೆದಿರಲೇಬೇಕು. ಬರೆದಿಲ್ಲವಾದರೆ ಆದೇಶದ ಬುಡವೇ ಅಲ್ಲಾಡುತ್ತದೆ.

ಈ ರಕ್ಷಣೆಯಿಂದ ಸೋಮಾರಿಗಳೂ ಬಚಾವಾಗುತ್ತಾರೆ, ವಿಚಾರಣೆ ವರ್ಷಗಟ್ಟಲೆ ಎಳೆಯುತ್ತದೆ ಎಂಬ ದೂರು ಸುಳ್ಳಲ್ಲ. ಆದರೆ ಎಳೆದಾಟಕ್ಕೆ ಕಾರಣ ಹೆಚ್ಚಾಗಿ ಅರೆಬರೆ ಆರೋಪ ಪಟ್ಟಿ ಮತ್ತು ಬಾರದ ಸಾಕ್ಷಿಗಳು ಎಂದು ನನಗೆ ಅನಿಸುತ್ತದೆ. ಅದನ್ನು ಸರಿಮಾಡಬೇಕೇ ಹೊರತು ಗೋಡೆ ಒಡೆಯಬಾರದು. 1949ರ ಅಕ್ಟೋಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಸರ್ದಾರ್ ಪಟೇಲರು ಅಖಿಲ ಭಾರತ ಸೇವೆಗಳ ಪರ ವಾದಿಸಿದ್ದೂ ಇದಕ್ಕೇ. ಅಧಿಕಾರಿಗೆ ಭಯವಿಲ್ಲದೆ ಮನಸ್ಸಿನ ಮಾತು ಹೇಳುವ ಸ್ವಾತಂತ್ರ್ಯ ಇರಬೇಕು ಎಂಬುದು ಅವರ ನಿಲುವು.

ಗೋಡೆ ಎಲ್ಲರಿಗೂ ಸಿಗುವುದಿಲ್ಲ ಎಂಬುದು ನೋವಿನ ಸಂಗತಿ. ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರ್ ಅದೇ ಮೇಜಿನಲ್ಲಿ ಕೂತು ಅದೇ ಕಡತ ನೋಡಬಹುದು. ಅವರಿಗೆ 311ನೇ ವಿಧಿ ಇಲ್ಲ. ‘ನಾಳೆಯಿಂದ ಬರಬೇಡಿ’ ಎಂದರೆ ಮುಗಿಯಿತು.

ಇನ್ನೊಂದು ಕಿಂಡಿ ವರ್ಗಾವಣೆ. ಅದು ಶಿಕ್ಷೆಗಳ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ವಿಚಾರಣೆಯೂ ಬೇಕಿಲ್ಲ. ನಮ್ಮ ಎಫ್‌ಡಿಎಯನ್ನು ವಜಾ ಮಾಡುವುದು ಕಷ್ಟ, ದೂರದ ತಾಲ್ಲೂಕಿಗೆ ಕಳಿಸುವುದು ಸುಲಭ. 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಾಗರಿಕ ಸೇವೆಯ ಅಧಿಕಾರಿಗಳಿಗೆ ಒಂದು ಜಾಗದಲ್ಲಿ ಕನಿಷ್ಠ ಅವಧಿ ನಿಗದಿ ಮಾಡಿ ಎಂದಿತು. ಬಾಯಿಮಾತಿನ ಆದೇಶದ ಮೇಲೆ ಕೆಲಸ ಮಾಡಬಾರದು, ಹಾಗೆ ಮಾಡಬೇಕಾಗಿ ಬಂದರೆ ಅದನ್ನು ಬರಹದಲ್ಲಿ ದಾಖಲಿಸಬೇಕು ಎಂದೂ ಹೇಳಿತು. ಯಾವ ಮೇಜಿನಲ್ಲಿ ಕೂತವರಿಗೂ ಇದು ಉಪಯೋಗಕ್ಕೆ ಬರುವ ಅಭ್ಯಾಸ. ‘ಹೀಗೆ ಮಾಡಿ’ ಎಂದು ಫೋನ್ ಬಂದರೆ, ಯಾರು, ಎಷ್ಟು ಹೊತ್ತಿಗೆ, ಏನು ಹೇಳಿದರು ಎಂದು ಅವತ್ತೇ ಟಿಪ್ಪಣಿ ಹಾಳೆಯಲ್ಲಿ ಬರೆದು ಸಹಿ ಹಾಕಿ, ದಿನಾಂಕ ನಮೂದಿಸಿ.