ಸಾಫ್ಟ್‌ವೇರ್ ಇಲ್ಲದೆ ಕನ್ನಡ ಕಿರುಪ್ರಬಂಧದ ನಕಲು ಹುಡುಕುವುದು: ನನ್ನ ಅನುಭವ

ನಮ್ಮದು ತಾಲ್ಲೂಕು ಕೇಂದ್ರದ ಕಾಲೇಜು. ಎಂ.ಎ. ಕನ್ನಡದ ವಿದ್ಯಾರ್ಥಿಗಳು ಕೊನೆಯ ಸೆಮಿಸ್ಟರ್‌ನಲ್ಲಿ ಕಿರುಪ್ರಬಂಧ ಬರೆಯುತ್ತಾರೆ. ವಿಶ್ವವಿದ್ಯಾಲಯಗಳಿಗೆ ಇನ್‌ಫ್ಲಿಬ್‌ನೆಟ್‌ನ ಶೋಧಶುದ್ಧಿ ಯೋಜನೆಯಲ್ಲಿ ನಕಲು ಪತ್ತೆ ಮಾಡುವ ಸಾಫ್ಟ್‌ವೇರ್ ಸಿಗುತ್ತದೆ. ನಮ್ಮ ಕೈಗೆ ಅದು ಬಂದಿಲ್ಲ. ಹಾಗಾಗಿ ಅನುಮಾನ ಬಂದ ಸಾಲುಗಳನ್ನು ನಾನೇ ಕೂತು ಗೂಗಲ್‌ನಲ್ಲಿ ಹುಡುಕುತ್ತೇನೆ. ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅದೇ ಪದ ಅದೇ ಕ್ರಮದಲ್ಲಿರುವ ಪುಟ ಮಾತ್ರ ಬರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಕನ್ನಡದಲ್ಲಿ ಯಾವ ನಾಲ್ಕು ಪದ ಆರಿಸುತ್ತೇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅದನ್ನೇ ಇಲ್ಲಿ ವಿವರವಾಗಿ ಹೇಳುತ್ತೇನೆ.

ಮೊದಲು ಪ್ರಬಂಧವನ್ನು ಕಾಗದದ ಮೇಲೆ ಓದುತ್ತೇನೆ. ಪೆನ್ಸಿಲ್ ಕೈಯಲ್ಲಿರುತ್ತದೆ. ಬರವಣಿಗೆಯ ದನಿ ಎಲ್ಲಿ ಬದಲಾಯಿತೋ ಅಲ್ಲಿ ಅಂಚಿನಲ್ಲಿ ಗೆರೆ ಎಳೆಯುತ್ತೇನೆ. ಕಾಗುಣಿತದ ತಪ್ಪು, ಮುಗಿಯದ ವಾಕ್ಯ ಇರುವ ಪುಟಗಳ ನಡುವೆ ಒಂದು ಪುಟ ಮಾತ್ರ ಪತ್ರಿಕೆಯ ಲೇಖನದ ಹಾಗೆ ಸಲೀಸಾಗಿ ಹರಿದರೆ ಅಲ್ಲಿ ನಿಲ್ಲುತ್ತೇನೆ. ಸಾಫ್ಟ್ ಕಾಪಿ ಇದ್ದರೆ ಇನ್ನೂ ಸುಲಭ. ಒಂದು ಪ್ಯಾರಾ ಮಾತ್ರ ಬೇರೆ ಫಾಂಟ್‌ನಲ್ಲಿರುತ್ತದೆ, ಹಿಂದೆ ತಿಳಿ ಬೂದು ಬಣ್ಣ ಉಳಿದಿರುತ್ತದೆ, ಇಲ್ಲವೇ ವಾಕ್ಯದ ಕೊನೆಯಲ್ಲಿ ವಿಕಿಪೀಡಿಯದ [೩] ಹಾಗೇ ಕೂತಿರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕೆರೆಗಳ ಬಗ್ಗೆ ಒಬ್ಬ ವಿದ್ಯಾರ್ಥಿನಿ ಬರೆದ ಕಿರುಪ್ರಬಂಧದ ಎರಡನೇ ಅಧ್ಯಾಯದಲ್ಲಿ ಹೀಗೊಂದು ಸಾಲಿತ್ತು: ‘ಕೆರೆಯ ಏರಿ ಕಾಯುವ ನೀರುಗಂಟಿಗಳಿಗೆ ಪ್ರತಿ ಸುಗ್ಗಿಯಲ್ಲೂ ಕಣದಲ್ಲೇ ಕಾಳಿನ ಪಾಲು ನೀಡಲಾಗುತ್ತಿತ್ತು.’ ಮೊದಲ ಅಧ್ಯಾಯದ ಭಾಷೆಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ.

ಇಡೀ ವಾಕ್ಯವನ್ನು ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ಕಾರಣ ಸರಳ. ನಕಲು ಮಾಡುವವರು ಕನ್ನಡದಲ್ಲಿ ಮೊದಲು ಕೈ ಹಾಕುವುದು ಕ್ರಿಯಾಪದಕ್ಕೆ. ‘ಕೊಡುತ್ತಿದ್ದರು’ ಇದ್ದದ್ದು ‘ನೀಡಲಾಗುತ್ತಿತ್ತು’ ಆಗುತ್ತದೆ, ‘ಇತ್ತು’ ಇದ್ದದ್ದು ‘ಇರುವುದನ್ನು ಕಾಣಬಹುದು’ ಆಗುತ್ತದೆ. ಪ್ಯಾರಾದ ಮೊದಲ ವಾಕ್ಯವನ್ನೂ ತಿದ್ದುತ್ತಾರೆ, ಯಾಕೆಂದರೆ ಓದುವವರ ಕಣ್ಣು ಮೊದಲು ಬೀಳುವುದು ಅಲ್ಲಿಗೆ. ಹಾಗಾಗಿ ನಾನು ಪ್ಯಾರಾದ ನಡುವಿನ ವಾಕ್ಯ ಹಿಡಿಯುತ್ತೇನೆ. ಅದರಲ್ಲೂ ಕೊನೆಯ ಕ್ರಿಯಾಪದ ಬಿಟ್ಟು ನಡುವಿನ ಮೂರು ನಾಲ್ಕು ಪದ ತೆಗೆಯುತ್ತೇನೆ. ಇಂಗ್ಲಿಷ್‌ನಲ್ಲಾದರೆ ಏಳೆಂಟು ಪದ ಬೇಕಾಗುತ್ತದೆ. ಕನ್ನಡದಲ್ಲಿ ವಿಭಕ್ತಿಯೆಲ್ಲ ಪದಕ್ಕೇ ಅಂಟಿಕೊಂಡಿರುವುದರಿಂದ ನಾಲ್ಕು ಪದ ಧಾರಾಳ. ಗೂಗಲ್ 32 ಪದದವರೆಗೆ ಮಾತ್ರ ನೋಡುತ್ತದೆ, ಆದರೆ ಅಷ್ಟುದ್ದ ಹೋಗುವ ಅಗತ್ಯವೇ ಬೀಳುವುದಿಲ್ಲ. ಆರಿಸಿದ ಪದಗಳು ಎಲ್ಲರೂ ಬಳಸುವ ಜೋಡಿಯೂ ಆಗಿರಬಾರದು. ‘ಗ್ರಾಮೀಣ ಪ್ರದೇಶದ ಜನರ ಜೀವನ’ ಎಂದು ಹುಡುಕಿದರೆ ರಾಶಿ ಪುಟ ಬರುತ್ತವೆ, ಅದರಿಂದ ಏನೂ ಸಾಬೀತಾಗುವುದಿಲ್ಲ.

ಮೊದಲು ಹುಡುಕಿದ್ದು ಇದು:

```
"ನೀರುಗಂಟಿಗಳಿಗೆ ಪ್ರತಿ ಸುಗ್ಗಿಯಲ್ಲೂ ಕಣದಲ್ಲೇ"
```

ಏನೂ ಸಿಗಲಿಲ್ಲ. ಇಲ್ಲಿ ಒಂದು ವಿಷಯ ಗಮನಿಸಬೇಕು. ಹಾಗೇ ಹೊಂದುವ ಪುಟ ಸಿಗದಿದ್ದಾಗ ಗೂಗಲ್ ಅದನ್ನು ಒಂದು ಸಾಲಿನಲ್ಲಿ ತಿಳಿಸಿ, ಕೆಳಗೆ ಉದ್ಧರಣ ಚಿಹ್ನೆ ತೆಗೆದ ಫಲಿತಾಂಶಗಳನ್ನು ತೋರಿಸುತ್ತದೆ. ಆ ಪುಟಗಳಲ್ಲಿ ಕೆರೆ, ಸುಗ್ಗಿ, ಕಣ ಎಲ್ಲ ಬೇರೆ ಬೇರೆ ಕಡೆ ಇರುತ್ತವೆ. ಆತುರದಲ್ಲಿ ಓದಿದರೆ ಸಿಕ್ಕೇಬಿಟ್ಟಿತು ಅನ್ನಿಸುತ್ತದೆ. ಮೇಲಿನ ಸಾಲನ್ನು ಓದದೆ ಯಾವ ತೀರ್ಮಾನಕ್ಕೂ ಬರಬಾರದು.

ಆಮೇಲೆ ಅದೇ ವಾಕ್ಯದ ಇನ್ನೊಂದು ತುಂಡು ಹಾಕಿದೆ:

```
"ಸುಗ್ಗಿಯಲ್ಲೂ ಕಣದಲ್ಲೇ ಕಾಳಿನ ಪಾಲು"
```

ಈಗ ಒಂದು ಪುಟ ಬಂತು. ಕೆರೆ ನೀರಾವರಿಯ ಬಗ್ಗೆ ಯಾರೋ ಶ್ರದ್ಧೆಯಿಂದ ಬರೆದ ಲೇಖನ. ವಾಕ್ಯ ಅಲ್ಲಿ ‘ಪಾಲು ಅಳೆದು ಕೊಡುತ್ತಿದ್ದರು’ ಎಂದು ಮುಗಿದಿತ್ತು. ಉಳಿದದ್ದೆಲ್ಲ ಒಂದೇ.

ಮೊದಲ ತುಂಡು ಯಾಕೆ ಸಿಗಲಿಲ್ಲ? ಪುಟದ ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು. ಲೇಖನ ಬರೆದವರು ‘ನೀರುಗ೦ಟಿ’ ಎಂದು ಟೈಪ್ ಮಾಡಿದ್ದರು. ಅಲ್ಲಿರುವುದು ಅನುಸ್ವಾರವಲ್ಲ, ಕನ್ನಡದ ಸೊನ್ನೆ ಅಂಕಿ. ಕಣ್ಣಿಗೆ ಹೆಚ್ಚುಕಮ್ಮಿ ಒಂದೇ ಥರ, ಕಂಪ್ಯೂಟರಿಗೆ ಬೇರೆ ಬೇರೆ. ಹಳೆಯ ಬ್ಲಾಗ್‌ಗಳಲ್ಲಿ, ಸ್ಕ್ಯಾನ್‌ನಿಂದ ಅಕ್ಷರ ಓದಿಸಿದ ಪುಸ್ತಕಗಳಲ್ಲಿ ಇದು ಬಹಳ. ವಿದ್ಯಾರ್ಥಿನಿ ಲೇಖನದ ಪ್ರಿಂಟ್ ತೆಗೆದು ಡಿಟಿಪಿ ಸೆಂಟರ್‌ಗೆ ಕೊಟ್ಟಿದ್ದಳು. ಅಲ್ಲಿ ಹೊಸದಾಗಿ ಟೈಪ್ ಮಾಡುವಾಗ ಅದು ಸರಿಯಾದ ಅನುಸ್ವಾರವಾಯಿತು. ಪುಟ ತೆರೆದು Ctrl+F ಒತ್ತಿ ‘ನೀರುಗಂಟಿ’ ಹುಡುಕಿದರೂ ಇಲ್ಲ ಅಂತಲೇ ಬರುತ್ತಿತ್ತು.

ಅದಕ್ಕೇ ನಾನು ಸಾಧ್ಯವಾದಷ್ಟು ಅನುಸ್ವಾರ ಇಲ್ಲದ ತುಂಡು ಹುಡುಕುತ್ತೇನೆ. ಇದು ಸುಲಭವಲ್ಲ, ‘ಇಂದ’ ಬಂದ ಕಡೆಯೆಲ್ಲ ಅನುಸ್ವಾರ ಬರುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಎರಡೂ ರೀತಿ ಟೈಪ್ ಮಾಡಿ ನೋಡುತ್ತೇನೆ. ‘ಬ್ಯಾಂಕ್‌ನಲ್ಲಿ’ ಥರದ ಪದಗಳನ್ನೂ ಬಿಡುತ್ತೇನೆ. ಅಲ್ಲಿ ಕ್ ಮತ್ತು ನ ನಡುವೆ ಕಾಣದ ಒಂದು ಸಂಕೇತ ಇರುತ್ತದೆ, ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ, ಇನ್ನು ಕೆಲವರು ‘ಬ್ಯಾಂಕಿನಲ್ಲಿ’ ಎಂದೇ ಬರೆಯುತ್ತಾರೆ. ‘ಕಾರ್ಯ’ ಮತ್ತು ‘ಕಾರ‍್ಯ’ ಕೂಡ ಹೀಗೇ. ನಡುವಿನ ಒಂದು ಪದ ಬದಲಾಗಿರಬಹುದು ಅನ್ನಿಸಿದರೆ ಆ ಜಾಗದಲ್ಲಿ ನಕ್ಷತ್ರ ಹಾಕುತ್ತೇನೆ:

```
"ಸುಗ್ಗಿಯಲ್ಲೂ * ಕಾಳಿನ ಪಾಲು"
```

ನುಡಿ ಫಾಂಟ್‌ನಲ್ಲಿ ಮಾಡಿದ ಹಳೆಯ ಪಿಡಿಎಫ್‌ಗಳ ವಿಷಯದಲ್ಲಿ ಈ ವಿಧಾನ ಸೋಲುತ್ತದೆ. ನೋಡುವುದಕ್ಕೆ ಅಚ್ಚ ಕನ್ನಡ, ಆದರೆ ಅದರಿಂದ ‘ಕೆರೆ’ ಕಾಪಿ ಮಾಡಿದರೆ PÉgÉ ಎಂದು ಬರುತ್ತದೆ. ಯೂನಿಕೋಡ್‌ನಲ್ಲಿ ಹುಡುಕುವ ನಮಗೆ ಆ ಪುಟ ಇಲ್ಲದ ಹಾಗೇ. ಶೋಧಗಂಗಾದಲ್ಲಿರುವ ಹಲವು ಕನ್ನಡ ಮಹಾಪ್ರಬಂಧಗಳೂ ಹೀಗೇ, ಇಲ್ಲವೇ ಬರೀ ಸ್ಕ್ಯಾನ್ ಚಿತ್ರ. ಅಲ್ಲಿ ವಾಕ್ಯ ಹುಡುಕುವ ಬದಲು ವಿಷಯದ ಹೆಸರು ಹಾಕಿ, ಸಿಕ್ಕಿದ ಒಂದೆರಡು ಪ್ರಬಂಧಗಳ ಪರಿವಿಡಿ ತೆಗೆದು, ಹೊಂದುವ ಅಧ್ಯಾಯವನ್ನು ಕಣ್ಣಿನಿಂದಲೇ ಓದುತ್ತೇನೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಸ್ತಕದ ಒಳಗಿನ ಪಠ್ಯ ಹುಡುಕುವ ಸೌಲಭ್ಯವಿದೆ. ಕನ್ನಡ ಅಕ್ಷರ ಓದಿಸಿದ್ದರಲ್ಲಿ ತಪ್ಪು ಜಾಸ್ತಿ, ಆದ್ದರಿಂದ ಅಲ್ಲಿ ಎರಡೇ ಪದ ಹಾಕುವುದು ಒಳ್ಳೆಯದು.

ಅದೇ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಬೇರೆ ಥರದ ನಕಲಿತ್ತು. ಎರಡು ಅಧ್ಯಾಯ ಕೆರೆ, ತೂಬು, ಅಚ್ಚುಕಟ್ಟು ಎಂದು ಬರೆದವಳು ಇದ್ದಕ್ಕಿದ್ದಂತೆ ‘ಟ್ಯಾಂಕ್‌ನ ಆಜ್ಞಾ ಪ್ರದೇಶ’ ಎಂದು ಬರೆದಿದ್ದಳು. ಅಚ್ಚುಕಟ್ಟಿಗೆ ಇಂಗ್ಲಿಷ್‌ನಲ್ಲಿ command area ಎನ್ನುತ್ತಾರೆ, command ಅಂದರೆ ಆಜ್ಞೆ ಎಂದು ಗೊತ್ತಿರುವವರಿಗೆ ಇದು ಎಲ್ಲಿಂದ ಬಂತು ಎನ್ನುವುದು ತಕ್ಷಣ ಹೊಳೆಯುತ್ತದೆ. ಇದು ಇಂಗ್ಲಿಷ್ ಬರಹವನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿದ್ದು. ಇಂಥ ಸಾಲನ್ನು ಕನ್ನಡದಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ ಆ ಕನ್ನಡ ಬೇರೆಲ್ಲೂ ಇಲ್ಲ. ಅನುವಾದದಲ್ಲೂ ಬದಲಾಗದೆ ಉಳಿಯುವುದು ಊರಿನ ಹೆಸರು ಮತ್ತು ಅಂಕಿಗಳು. ಆ ಪ್ಯಾರಾದಲ್ಲಿದ್ದ ಕೆರೆಯ ಹೆಸರು, ಎಕರೆ ಲೆಕ್ಕ ಎರಡನ್ನೂ ಇಂಗ್ಲಿಷ್‌ನಲ್ಲಿ ಬರೆದು, ಪಕ್ಕದಲ್ಲಿ ಇದನ್ನು ಸೇರಿಸಿದೆ:

```
"command area" tank sluice
```

ಒಂದು ಇಂಗ್ಲಿಷ್ ವರದಿ ಸಿಕ್ಕಿತು. ವಾಕ್ಯಗಳ ಕ್ರಮ, ಅಂಕಿಗಳ ಕ್ರಮ ಎರಡೂ ಹಾಗೇ ಇದ್ದವು. ಒಂದು ವಾಕ್ಯ ಹೊಂದಿದರೆ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಾಲಾಗಿ ನಾಲ್ಕೈದು ವಾಕ್ಯ ಅದೇ ಕ್ರಮದಲ್ಲಿ ಬಂದರೆ ಅದು ಆಕಸ್ಮಿಕವಲ್ಲ.

ಮೂಲ ಸಿಕ್ಕಿದ ಮೇಲೆ ಯಾರು ಯಾರಿಂದ ತೆಗೆದುಕೊಂಡರು ಎಂದು ನೋಡಬೇಕು. ಪುಟದ ತಾರೀಖು ನೋಡುತ್ತೇನೆ. ಅದೇ ಪುಟ ಹಿಂದೆ ಯಾವಾಗ ಇತ್ತು ಎಂದು ಹಳೆಯ ವೆಬ್ ಪುಟಗಳ ಪ್ರತಿ ಉಳಿಸಿಡುವ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕುತ್ತೇನೆ. ವಿಕಿಪೀಡಿಯವಾದರೆ ಇತಿಹಾಸದ ಪುಟದಲ್ಲಿ ಆ ಸಾಲು ಯಾವತ್ತು ಸೇರಿತು ಎಂದು ತಿಳಿಯುತ್ತದೆ. ಕೆಲವೊಮ್ಮೆ ವಿದ್ಯಾರ್ಥಿ ಮತ್ತು ಆ ಪುಟ ಇಬ್ಬರೂ ಒಂದೇ ಅಚ್ಚಾದ ಪುಸ್ತಕದಿಂದ ತೆಗೆದಿರುತ್ತಾರೆ. ಆಗ ಪುಟವನ್ನು ಮೂಲ ಎಂದು ಬರೆದರೆ ತಪ್ಪಾಗುತ್ತದೆ. ಪುಟ ನಾಳೆ ಇಲ್ಲವಾಗಬಹುದು, ಆದ್ದರಿಂದ ವೇಬ್ಯಾಕ್‌ನಲ್ಲೇ ಒಂದು ಪ್ರತಿ ಉಳಿಸಿ, ಪ್ರಿಂಟ್ ಕೂಡ ತೆಗೆದಿಡುತ್ತೇನೆ. ಉಚಿತವಾಗಿ ನಕಲು ನೋಡಿಕೊಡುತ್ತೇವೆ ಎನ್ನುವ ಸೈಟ್‌ಗಳಿಗೆ ಮಕ್ಕಳ ಪ್ರಬಂಧವನ್ನು ಪೂರ್ತಿ ಹಾಕುವುದಿಲ್ಲ. ಅದು ಅವರ ಬರಹ, ಎಲ್ಲಿ ಹೋಗಿ ಸೇರುತ್ತದೋ ಹೇಳಲಾಗದು.

ಯುಜಿಸಿಯ 2018ರ ನಿಯಮದಲ್ಲಿ ನಕಲಿಗೆ ಮಟ್ಟಗಳಿವೆ. ಶೇ. 10ರವರೆಗೆ ದಂಡನೆ ಇಲ್ಲ, ಶೇ. 10ರಿಂದ 40ರವರೆಗೆ ತಿದ್ದಿ ಮತ್ತೆ ಕೊಡಲು 6 ತಿಂಗಳು ಮೀರದ ಅವಧಿ ಕೊಡಬೇಕು, ಹೀಗೆ ಮೇಲಕ್ಕೆ ಹೋಗುತ್ತದೆ. ಆಧಾರ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಸಾಮಾನ್ಯ ತಿಳಿವಳಿಕೆಯ ಅಥವಾ ಆಕಸ್ಮಿಕವಾಗಿ ಹೊಂದುವ ಸತತ 14 ಪದಗಳವರೆಗಿನ ಸಾಲು ಲೆಕ್ಕಕ್ಕೆ ಬರುವುದಿಲ್ಲ. ಕನ್ನಡದಲ್ಲಿ 14 ಪದ ಅಂದರೆ ಒಂದು ಉದ್ದ ವಾಕ್ಯ. ಕೈಯಲ್ಲಿ ಹುಡುಕಿ ಶೇಕಡಾವಾರು ಹೇಳಲು ಬರುವುದಿಲ್ಲ, ಹೇಳಲೂಬಾರದು. ನನ್ನ ವರದಿಯಲ್ಲಿ ‘ಈ ಪುಟದ ಈ ಪ್ಯಾರಾ ಇಲ್ಲಿಂದ ಬಂದಿದೆ, ಸಿಕ್ಕಿದ್ದು ಕನಿಷ್ಠ ಇಷ್ಟು’ ಎಂದಷ್ಟೇ ಬರೆಯುತ್ತೇನೆ. ಎಡಗಡೆ ವಿದ್ಯಾರ್ಥಿಯ ಸಾಲು, ಬಲಗಡೆ ಮೂಲದ ಸಾಲು, ಕೆಳಗೆ ವಿಳಾಸ ಮತ್ತು ನಾನು ನೋಡಿದ ತಾರೀಖು. ಏನೂ ಸಿಗದ ಪ್ಯಾರಾದ ಬಗ್ಗೆ ‘ಸ್ವಂತದ್ದು’ ಎಂದು ಬರೆಯುವುದಿಲ್ಲ, ‘ಮೂಲ ಸಿಕ್ಕಿಲ್ಲ’ ಎಂದು ಬರೆಯುತ್ತೇನೆ. ಹಿಂದಿನ ವರ್ಷದವರ ಜೆರಾಕ್ಸ್ ಪ್ರತಿಯಿಂದ ಇಳಿಸಿದ್ದನ್ನು ಯಾವ ಗೂಗಲ್ ತೋರಿಸುತ್ತದೆ ಹೇಳಿ? ಅದಕ್ಕಾಗಿ ಈಗ ಎಲ್ಲರಿಂದಲೂ ಯೂನಿಕೋಡ್ ಸಾಫ್ಟ್ ಕಾಪಿ ತೆಗೆದುಕೊಂಡು, ಪಠ್ಯ ಕಡತ ಮಾಡಿ ಒಂದು ಫೋಲ್ಡರ್‌ನಲ್ಲಿ ಇಡುತ್ತಿದ್ದೇನೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಇಡೀ ಫೋಲ್ಡರ್‌ನ ಒಳಗೆ ಒಟ್ಟಿಗೆ ಹುಡುಕಬಹುದು, ಅದು ಉಚಿತ.

ಆ ವಿದ್ಯಾರ್ಥಿನಿಯನ್ನು ಕರೆದು ಎರಡು ಪಟ್ಟಿಯನ್ನೂ ಮುಂದಿಟ್ಟೆ. ‘ನೀರುಗಂಟಿ ಅಂದ್ರೆ ಯಾರಮ್ಮ?’ ಎಂದು ಕೇಳಿದೆ. ‘ನಮ್ಮೂರಲ್ಲಿ ನಮ್ಮ ದೊಡ್ಡಪ್ಪನೇ ಸರ್, ತೂಬು ಎತ್ತೋದು ಅವರೇ’ ಎಂದಳು. ನಾಲ್ಕನೇ ಅಧ್ಯಾಯದಲ್ಲಿ ಅವಳೇ ಓಡಾಡಿ ಬರೆದ ಕೆರೆಗಳ ವಿವರ ಇತ್ತು, ಅದು ಯಾವ ಹುಡುಕಾಟಕ್ಕೂ ಸಿಗಲಿಲ್ಲ, ಕೇಳಿದ ಪ್ರಶ್ನೆಗೆಲ್ಲ ಉತ್ತರವೂ ಬಂತು. ಎರಡನೇ ಅಧ್ಯಾಯವನ್ನು ಮೂಲ ಲೇಖನದ ಹೆಸರು ಹೇಳಿ, ದೊಡ್ಡಪ್ಪನನ್ನು ಮಾತಾಡಿಸಿ ಮತ್ತೆ ಬರೆಯಲು ಹೇಳಿದೆ. ಮೂರನೆಯದರಲ್ಲಿ ಇಂಗ್ಲಿಷ್ ವರದಿಯ ಅಂಕಿಗಳನ್ನು ಮಾತ್ರ ಉಳಿಸಿ, ಪ್ರತಿಯೊಂದರ ಕೆಳಗೂ ವರದಿಯ ಪುಟಸಂಖ್ಯೆ ಹಾಕಿಸಿದೆ.